ಎಕ್ಸ್‌ಚೇಂಜ್ ತಾತನ ಆದ್ಯತೆ ಪಟ್ಟಿ

ಬೀದಿಯವರೆಲ್ಲ ಅವರನ್ನು ಎಕ್ಸ್‌ಚೇಂಜ್ ತಾತ ಎಂದೇ ಕರೆಯುತ್ತಿದ್ದರು. ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಈಗ ಅವರ ಸುಪರ್ದಿಯಲ್ಲಿ ಉಳಿದಿದ್ದದ್ದು ಮನೆಯ ರೂಟರ್ ಒಂದೇ. ಹಜಾರದ ಗೋಡೆಗೆ ಅವರೇ ಮರದ ಹಲಗೆ ಹೊಡೆದು, ಅದರ ಮೇಲೆ ಅದನ್ನು ಕೂರಿಸಿದ್ದರು. ಪಾಸ್‌ವರ್ಡು ಅವರ ಡೈರಿಯಲ್ಲಿತ್ತು, ಡೈರಿ ಅವರ ದಿಂಬಿನ ಕೆಳಗಿತ್ತು. ದಿನಕ್ಕೊಮ್ಮೆ ಮೆತ್ತನೆ ಬಟ್ಟೆಯಿಂದ ಅದರ ಧೂಳು ಒರೆಸುತ್ತಿದ್ದರು.

"ನನ್ನ ಕನ್ನಡಕಕ್ಕೂ ಇಷ್ಟು ಉಪಚಾರ ಮಾಡಿದ್ರೆ ನನಗೆ ಪೇಪರ್ ಓದೋಕಾದ್ರೂ ಆಗ್ತಿತ್ತು" ಎಂದು ಹೆಂಡತಿ ಆಗಾಗ ಚುಚ್ಚುತ್ತಿದ್ದರು.

ಅದೇ ಮನೆಯ ಮುಂದಿನ ಕೋಣೆಯಲ್ಲಿ ಮಗಳು ಕೆಲಸ ಮಾಡುತ್ತಿದ್ದಳು. ಅವಳು ಸ್ಕ್ಯಾನ್ ನೋಡಿ ವರದಿ ಬರೆಯುವ ಡಾಕ್ಟರು. ದೂರದ ಮೂರು ಸಣ್ಣ ಆಸ್ಪತ್ರೆಗಳಲ್ಲಿ ತಲೆಗೆ ಪೆಟ್ಟು ಬಿದ್ದವರ, ಹೊಟ್ಟೆನೋವಿನವರ ಸ್ಕ್ಯಾನ್ ತೆಗೆದರೆ ಆ ಚಿತ್ರಗಳು ಇವಳ ಎರಡು ದೊಡ್ಡ ಪರದೆಗಳಿಗೆ ಬರುತ್ತಿದ್ದವು. ಒಬ್ಬ ರೋಗಿಯದೇ ಸಾವಿರಾರು ಚಿತ್ರ. ಅವು ಇಳಿಯುವವರೆಗೆ ಅತ್ತ ಕಡೆ ಡಾಕ್ಟರು, ರೋಗಿಯ ಮನೆಯವರು ಎಲ್ಲರೂ ಕಾಯಬೇಕು. ಅದಕ್ಕೇ ತಿಂಗಳ ಹಿಂದೆ ಮಗಳು ನೂರು ಎಂಬಿಪಿಎಸ್ ವೇಗದ ಹಳೆಯ ಲೈನನ್ನು ಬಿಡಿಸಿ ಸಾವಿರದ ಫೈಬರ್ ಹಾಕಿಸಿದ್ದಳು. ಕಂಪನಿಯವರು ಹೊಸ ರೂಟರ್ ಕೊಡುತ್ತೇವೆಂದರು. ತಾತ ಬೇಡವೆಂದರು. "ನನ್ನದು ಗಟ್ಟಿಮುಟ್ಟಾಗಿದೆ. ಅದರ ಡಬ್ಬದ ಮೇಲೇ ಸಾವಿರ ಅಂತ ಬರೆದಿದೆ."

ಹಾಕಿಸಿದ್ದು ಸಾವಿರ, ಸಿಕ್ಕಿದ್ದು ಇನ್ನೂರೂ ಇಲ್ಲ. ವೈಫೈ ಬಿಟ್ಟು ನೇರ ತಂತಿ ಚುಚ್ಚಿ ನೋಡಿದರೂ ನೂರ ತೊಂಬತ್ತಕ್ಕೆ ಮುಳ್ಳು ನಿಂತುಬಿಡುತ್ತಿತ್ತು.

ಮೂರು ಸಲ ದೂರು ಕೊಟ್ಟರು. ಮೂರು ಸಲವೂ ಬಂದವಳು ಒಬ್ಬಳೇ ಹೆಂಗಸು. ಮೂವತ್ತೈದರ ಆಸುಪಾಸು, ಬೆನ್ನಿಗೆ ಕಪ್ಪು ಚೀಲ, ಸ್ಕೂಟರಿನ ಪಕ್ಕಕ್ಕೆ ಕಟ್ಟಿದ ಮಡಚುವ ಏಣಿ. ಬೀದಿಯ ಮಕ್ಕಳು ಅವಳನ್ನು ಲೈನ್ ಅಕ್ಕ ಎನ್ನುತ್ತಿದ್ದರು. ಅವಳು ಬಂದು, ಫೈಬರ್ ಬಂದು ಸೇರುವ ಬಿಳಿ ಪೆಟ್ಟಿಗೆಯಿಂದ ರೂಟರಿನ ತಂತಿ ಕಿತ್ತು, ತನ್ನ ಮೀಟರ್ ಚುಚ್ಚುತ್ತಿದ್ದಳು. ಒಂಬೈನೂರ ನಲವತ್ತು ತೋರಿಸುತ್ತಿತ್ತು. "ನಮ್ಮ ಲೈನ್ ಸರಿಯಾಗಿದೆ ಸರ್" ಎಂದು ತಂತಿ ಮತ್ತೆ ಜೋಡಿಸಿ ಹೋಗುತ್ತಿದ್ದಳು. ಅವಳು ಗೇಟು ದಾಟುವಷ್ಟರಲ್ಲಿ ಮಗಳ ಫೋನಿಗೆ ಸಂದೇಶ ಬರುತ್ತಿತ್ತು: ತೊಂದರೆ ಗ್ರಾಹಕರ ಕಡೆಯದು, ದೂರು ಮುಗಿಸಲಾಗಿದೆ.

ಮೂರನೆಯ ಸಲ ಮಗಳ ತಾಳ್ಮೆ ಕೆಟ್ಟಿತು. "ಅಪ್ಪಾ, ನಿನಗೆ ದೂರು ಬರೆಯೋದು ಚೆನ್ನಾಗಿ ಗೊತ್ತು. ಬಿಸಿ ಮುಟ್ಟೋ ಹಾಗೆ ಒಂದು ಬರೆದುಕೊಡು."

ತಾತನಿಗೆ ಆ ಮಾತು ಸಕ್ಕರೆ ತಿಂದಷ್ಟು ಸಿಹಿಯಾಯಿತು. ಸರ್ವಿಸ್ಸಿನ ಉದ್ದಕ್ಕೂ ದೂರುಗಳನ್ನು ಓದಿದವರು. ಯಾವ ವಾಕ್ಯಕ್ಕೆ ಮೇಲಧಿಕಾರಿ ಕುರ್ಚಿಯಿಂದ ಏಳುತ್ತಾನೆ ಎಂದು ಚೆನ್ನಾಗಿ ಬಲ್ಲವರು. ಒಂದು ಬೆಳಗ್ಗೆಯೆಲ್ಲ ಕೂತು ಬರೆದರು. 'ಸದರಿ ನೌಕರಳು ಮೂರು ಬಾರಿಯೂ ಕೆಲಸ ಮಾಡದೆ ಮಾಡಿದಂತೆ ತೋರಿಸಿರುತ್ತಾಳೆ' ಎಂಬ ಸಾಲನ್ನಂತೂ ತಾವೇ ಎರಡು ಸಲ ಓದಿ ತಲೆದೂಗಿದರು. ಮಗಳು ಅದನ್ನು ಹಾಗೆಯೇ ಕಂಪನಿಗೆ ಕಳಿಸಿದಳು.

ನಾಲ್ಕನೇ ಸಲ ಲೈನ್ ಅಕ್ಕ ಬಂದದ್ದು ಮರುದಿನ ಹತ್ತು ಗಂಟೆಗೆ. ಯಾವಾಗಲೂ ಬಾಗಿಲಲ್ಲೇ ನಗುತ್ತಿದ್ದವಳ ಮುಖ ಇವತ್ತು ಬಿಗಿದುಕೊಂಡಿತ್ತು. ಚೀಲ ಕೆಳಗಿಟ್ಟು, ಮಗಳಿಗೆ ನೇರವಾಗಿಯೇ ಹೇಳಿದಳು.

"ಮೇಡಂ, ನಿಮ್ಮ ಲೆಟರ್ ನಮ್ಮ ಸೂಪರ್‌ವೈಸರ್ ಎಲ್ಲರ ಮುಂದೆ ಜೋರಾಗಿ ಓದಿದ್ರು. ಇವತ್ತು ಸರಿ ಮಾಡದೆ ಬಂದ್ರೆ ಈ ಏರಿಯಾದಿಂದ ತೆಗೆದು ಕಂಬ ಹತ್ತೋ ಗ್ಯಾಂಗಿಗೆ ಹಾಕ್ತಾರಂತೆ. ನನ್ನ ಮಂಡಿ ಮೊದಲೇ ಸರಿಯಿಲ್ಲ. ಇರಲಿ ಬಿಡಿ. ಇವತ್ತು ನನಗೆ ರೂಟರ್ ಒಳಗೆ ನೋಡೋಕೆ ಬಿಡಬೇಕು. ಹಿಂದಿನ ಮೂರು ಸಲವೂ ಕೇಳಿದ್ದೆ, ತಾತ ಬಿಡಲಿಲ್ಲ."

ಅದು ನಿಜವೇ ಆಗಿತ್ತು. ಅವಳು ಕೇಳಿದಾಗಲೆಲ್ಲ ಅವರು, ಲೈನ್ ನೋಡೋದು ನಿನ್ನ ಕೆಲಸ, ರೂಟರ್ ನನ್ನ ಕೆಲಸ ಎಂದು ಅವಳ ಬಾಯಿ ಮುಚ್ಚಿಸಿದ್ದರು. ದೂರಿನಲ್ಲಿ ಆ ವಿಷಯ ಬರೆದಿರಲಿಲ್ಲ.

"ಒಳಗೇನಿದೆ ನೋಡೋಕೆ? ಎಲ್ಲ ಸರಿಯಾಗೇ ಇದೆ" ಎಂದರು, ಆದರೂ.

"ಅಪ್ಪಾ, ಡೈರಿ ತಗೊಂಡು ಬಾ" ಎಂದಳು ಮಗಳು.

ತಾತ ತಂದರು. ಪಾಸ್‌ವರ್ಡನ್ನು ತಾವೇ ಒತ್ತಿದರು, ಯಾರಿಗೂ ಕಾಣದ ಹಾಗೆ ಕೈ ಅಡ್ಡ ಹಿಡಿದು. ಮಗಳ ಲ್ಯಾಪ್‌ಟಾಪಿನಲ್ಲಿ ರೂಟರಿನ ಪುಟ ತೆರೆದುಕೊಂಡಿತು. ಲೈನ್ ಅಕ್ಕ ಒಂದು ಕಿಟಕಿಯಲ್ಲಿ ವೇಗದ ಪರೀಕ್ಷೆ ಓಡಲು ಬಿಟ್ಟು, ಇನ್ನೊಂದರಲ್ಲಿ ರೂಟರಿನ ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಜಾಗಕ್ಕೆ ಹೋದಳು. ಪರೀಕ್ಷೆ ಶುರುವಾದದ್ದೇ ತಡ, ಮೂರಕ್ಕಿದ್ದ ಅಂಕಿ ತೊಂಬತ್ತೊಂಬತ್ತಕ್ಕೆ ಹಾರಿ ಅಲ್ಲೇ ನಿಂತಿತು. ವೇಗ ನೂರ ತೊಂಬತ್ತೆರಡು.

"ನೋಡಿ ತಾತ, ಪಾಪ, ಏದುಸಿರು ಬಿಡ್ತಾ ಇದೆ." ಅವಳು ಇನ್ನೊಂದು ಪುಟ ತೆರೆದು ಬೆರಳಿಟ್ಟಳು. "ಇಲ್ಲಿ. ಹಾರ್ಡ್‌ವೇರ್ ಆಕ್ಸಿಲರೇಷನ್, ಆಫ್."

"ನಾನು ಅದನ್ನ ಮುಟ್ಟೇ ಇಲ್ಲ" ಎಂದರು ತಾತ ಥಟ್ಟನೆ.

"ನೀವು ಮುಟ್ಟೋದು ಬೇಡ, ಅದೇ ತಾನಾಗಿ ಆಫ್ ಆಗುತ್ತೆ. ಈ ರೂಟರ್ ಒಳಗೆ ಇಬ್ಬರು ಕೆಲಸದವರಿದ್ದಾರೆ ಅನ್ಕೊಳ್ಳಿ. ಒಬ್ಬ ಪ್ರೊಸೆಸರ್. ಬುದ್ಧಿವಂತ, ಆದರೆ ನಿಧಾನ. ಇನ್ನೊಂದು ಪ್ರತ್ಯೇಕ ಸರ್ಕ್ಯೂಟ್, ಆಕ್ಸಿಲರೇಷನ್ ಅಂದ್ರೆ ಅದರ ಕೆಲಸವೇ. ಅದಕ್ಕೆ ಯೋಚನೆ ಮಾಡೋಕೆ ಬರಲ್ಲ, ಓಡೋಕೆ ಮಾತ್ರ ಬರುತ್ತೆ. ಹೊಸ ಕನೆಕ್ಷನ್ ಬಂದಾಗ ಮೊದಲ ಒಂದೆರಡು ಪ್ಯಾಕೆಟ್, ಅಂದ್ರೆ ಮಾಹಿತಿಯ ತುಂಡು, ಪ್ರೊಸೆಸರ್ ನೋಡಿ, ಇದು ಇಲ್ಲಿಂದ ಇಲ್ಲಿಗೆ ಅಂತ ದಾರಿ ತೀರ್ಮಾನ ಮಾಡುತ್ತೆ. ಆಮೇಲಿನದ್ದೆಲ್ಲ ಆ ಸರ್ಕ್ಯೂಟೇ ದಾಟಿಸುತ್ತೆ. ಹಾಗಾಗೇ ಸಾವಿರ ಸಿಗೋದು. ಆದರೆ ಒಂದೊಂದು ಪ್ಯಾಕೆಟ್ಟನ್ನೂ ನಿಲ್ಲಿಸಿ ನೋಡಬೇಕು ಅನ್ನೋ ಕೆಲಸ ಕೊಟ್ಟರೆ ಸರ್ಕ್ಯೂಟಿಗೆ ಅದು ಆಗಲ್ಲ. ಆಗ ರೂಟರ್ ಅದನ್ನ ಪಕ್ಕಕ್ಕೆ ಕೂರಿಸಿ ಎಲ್ಲಾನೂ ಪ್ರೊಸೆಸರ್ ತಲೆಗೇ ಕಟ್ಟುತ್ತೆ."

ತಾತನ ಕಣ್ಣ ಮುಂದೆ ಬಂದದ್ದು ಸರ್ವಿಸ್ಸಿನ ಮೊದಲ ವರ್ಷಗಳ, ದೂರದೂರಿನ ಕರೆ ಜೋಡಿಸುವ ಟ್ರಂಕ್ ಬೋರ್ಡು. ಆಪರೇಟರ್ ಹೆಂಗಸರು ಸಾಲಾಗಿ ಕೂತು, ನಂಬರ್ ಕೇಳಿ, ಬಳ್ಳಿಯಂಥ ತಂತಿ ಚುಚ್ಚಿ ಲೈನ್ ಕೊಡುತ್ತಿದ್ದರು. ಒಮ್ಮೆ ಬಳ್ಳಿ ಚುಚ್ಚಿದ ಮೇಲೆ ಮಾತು ತಂತಿಯಲ್ಲೇ ಹರಿದುಹೋಗುತ್ತಿತ್ತು. ಆಪರೇಟರ್ ಮುಂದಿನ ಕರೆಗೆ ಕೈ ಹಾಕುತ್ತಿದ್ದರು.

"ಅಂದ್ರೆ," ಎಂದರು ನಿಧಾನಕ್ಕೆ, "ಆಪರೇಟರಮ್ಮನಿಗೆ, ಬಳ್ಳಿ ಚುಚ್ಚಬೇಡ, ಒಂದೊಂದು ಮಾತನ್ನೂ ಕೇಳಿಸಿಕೊಂಡು ನೀನೇ ಆ ಕಡೆಗೆ ಹೇಳು ಅಂದ ಹಾಗೆ."

ಲೈನ್ ಅಕ್ಕ ಅವರನ್ನೇ ನೋಡಿದಳು. "ಅದೇ ತಾತ! ನಾನು ಇಷ್ಟುದ್ದ ಹೇಳಿದ್ದನ್ನ ನೀವು ಒಂದೇ ಮಾತಲ್ಲಿ ಹೇಳಿದ್ರಿ."

"ಹಾಗಾದ್ರೆ ಆ ಕೆಲಸ ಕೊಟ್ಟಿರೋರು ಯಾರು?" ಎಂದು ಮಗಳು ಕೇಳಿದಳು.

ಲೈನ್ ಅಕ್ಕ ಎಡಗಡೆಯ ಪಟ್ಟಿಯಲ್ಲಿ ಕ್ಯೂಓಎಸ್ ಎಂದು ಬರೆದಿದ್ದನ್ನು ಒತ್ತಿದಳು. ಆದ್ಯತೆಯ ಪಟ್ಟಿ ತೆರೆಯಿತು. ಯಾವ ಯಂತ್ರದ ಮಾಹಿತಿ ಮೊದಲು ಹೋಗಬೇಕು, ಯಾವುದು ಕಾಯಬೇಕು ಎಂದು ಹೇಳುವ ಪಟ್ಟಿ ಅದು. ಮೊದಲ ಸಾಲಿನಲ್ಲಿ 'ಮಗಳು' ಎಂದಿತ್ತು. ಅದರ ಮುಂದೆ 'ಅತಿ ಹೆಚ್ಚು'. ಉಳಿದ ಎಲ್ಲದರ ಮುಂದೆ, ಟಿವಿ, ಹೆಂಡತಿಯ ಫೋನು, ಕೊನೆಗೆ 'ನಾನು' ಎಂಬ ಸಾಲಿನ ಮುಂದೆಯೂ, 'ಅತಿ ಕಡಿಮೆ' ಎಂದಿತ್ತು.

"ಅಪ್ಪಾ, ಏನಿದು? ಯಾವಾಗ ಮಾಡಿದ್ದು?"

ಹೇಳದೆ ಬೇರೆ ದಾರಿಯಿರಲಿಲ್ಲ. ಆರು ವರ್ಷದ ಹಿಂದಿನ ಮಾತು. ಆಗ ಮನೆಯಲ್ಲಿದ್ದದ್ದು ನಲವತ್ತರ ಲೈನು. ಮಗಳ ಕೊನೆಯ ಮೌಖಿಕ ಪರೀಕ್ಷೆ ವಿಡಿಯೋ ಮೂಲಕ ನಡೆದಿತ್ತು. ಪರೀಕ್ಷಕರು ಪ್ರಶ್ನೆ ಕೇಳುವಾಗ ಇವಳ ಚಿತ್ರ ನಿಂತು, ಮಾತು ತುಂಡಾಗಿ, ಕೊನೆಗೆ ಕರೆಯೇ ಕಡಿದುಹೋಗಿತ್ತು. ಅವಳು ಮತ್ತೆ ಪರೀಕ್ಷೆಗೆ ಕೂರಲು ಆರು ತಿಂಗಳು ಕಾಯಬೇಕಾಯಿತು. ಆ ಆರು ತಿಂಗಳು ಅವಳು ಕೋಣೆಯಿಂದ ಹೊರಗೆ ಬಂದದ್ದೇ ಕಡಿಮೆ.

"ಅವತ್ತು ಲೈನ್ ಹೋಗಿರಲಿಲ್ಲ ಮಗಾ," ಎಂದರು ತಾತ. ಕಣ್ಣು ಹಲಗೆಯ ಮೇಲಿನ ರೂಟರಿನ ಮೇಲೇ ಇತ್ತು. "ನಾನು ಒಳಗೆ ಕೂತು, ನಮ್ಮ ಸ್ನೇಹಿತರ ಮಗನ ಮದುವೆ ವಿಡಿಯೋ ಎಲ್ಲರಿಗೂ ಕಳಿಸ್ತಾ ಇದ್ದೆ. ಇಡೀ ಲೈನ್ ಅದೇ ತುಂಬಿಕೊಂಡಿತ್ತು. ಎಕ್ಸ್‌ಚೇಂಜಲ್ಲಿ ಅಷ್ಟು ವರ್ಷ ಮಣ್ಣು ಹೊತ್ತವನಿಗೆ ಅಷ್ಟೂ ಹೊಳೀಲಿಲ್ಲ ನೋಡು. ಆಮೇಲೆ ಗೊತ್ತಾಯ್ತು. ಹೇಳೋಕೆ ಬಾಯಿ ಬರಲಿಲ್ಲ. ಮೂರು ದಿನ ರೂಟರಿನ ಜೊತೆ ಬಂದಿದ್ದ ಪುಸ್ತಕ ಓದಿ ಈ ಪಟ್ಟಿ ಮಾಡಿದೆ. ಇನ್ನು ಯಾವತ್ತೂ ನಿನ್ನ ಮಾತು ಅರ್ಧಕ್ಕೆ ನಿಲ್ಲಬಾರದು ಅಂತ."

ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತ್ತು. ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದರು. ಮಗಳು ಪರದೆಯ ಮೇಲಿನ ತನ್ನ ಸಾಲನ್ನೇ ನೋಡುತ್ತಿದ್ದಳು.

ಲೈನ್ ಅಕ್ಕ ತಾತನ ಕಡೆ ತಿರುಗಿದಳು. "ಆಗ ನೀವು ಮಾಡಿದ್ದು ಸರಿಯಾಗೇ ಇತ್ತು ತಾತ. ನಲವತ್ತರ ಲೈನಿಗೆ ಈ ಪ್ರೊಸೆಸರ್ ಧಾರಾಳ ಸಾಕು, ನೂರಕ್ಕೂ ಸಾಕು. ಅದಕ್ಕೇ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಸಾವಿರ ಬಂದ ಮೇಲೇ ಅದರ ಕೈ ಸೋತಿದ್ದು. ಈಗ ಈ ಪಟ್ಟಿ ತೆಗೆದರೂ ಮೇಡಂ ಕರೆ ಕಡಿಯಲ್ಲ. ನೀವು ಹತ್ತು ಮದುವೆ ವಿಡಿಯೋ ಒಟ್ಟಿಗೆ ಕಳಿಸಿದ್ರೂ ಜಾಗ ಇರುತ್ತೆ."

ತಾತ ತಮ್ಮ ಕೈಯಾರೆ ಕ್ಯೂಓಎಸ್ ಆಫ್ ಮಾಡಿದರು. ರೂಟರ್ ಮತ್ತೆ ಶುರುವಾಗಲು ಎರಡು ನಿಮಿಷ ಹಿಡಿಯಿತು. ಹಸಿರು ದೀಪಗಳು ಒಂದೊಂದಾಗಿ ಬಂದವು. ಲೈನ್ ಅಕ್ಕ ಪರೀಕ್ಷೆ ಓಡಿಸಿದಳು.

ನೂರ ತೊಂಬತ್ತೇಳು.

ಅವಳು ಮತ್ತೊಮ್ಮೆ ಓಡಿಸಿದಳು. ನೂರ ತೊಂಬತ್ತೈದು. ಪ್ರೊಸೆಸರ್ ಮತ್ತೆ ತೊಂಬತ್ತೊಂಬತ್ತು. ಆಕ್ಸಿಲರೇಷನ್ ಇನ್ನೂ ಆಫ್ ಎಂದೇ ತೋರಿಸುತ್ತಿತ್ತು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು, ಸೂಪರ್‌ವೈಸರ್. "ಹ್ಞೂಂ ಸರ್... ನೋಡ್ತಾ ಇದ್ದೀನಿ ಸರ್... ಇಲ್ಲ ಸರ್, ಇನ್ನೂ ಇಲ್ಲ" ಎನ್ನುತ್ತ ಬಾಗಿಲಾಚೆ ಹೋದಳು. ಅವಳ ದನಿ ಒಂದೊಂದು 'ಸರ್'ಗೂ ಸಣ್ಣದಾಗುತ್ತ ಹೋಯಿತು.

"ಇಷ್ಟೆಲ್ಲ ಕಥೆ ಆದ ಮೇಲೂ ಅಷ್ಟೇ" ಎಂದಳು ಮಗಳು ಬೇಸರದಿಂದ. "ಸುಮ್ಮನೆ ನಿನ್ನ ತಲೆಗೆ ಕಟ್ಟಿದ್ಲು ಅಪ್ಪಾ. ಲೈನಲ್ಲೇ ಏನೋ ಇದೆ."

ಆ ಮಾತನ್ನು ಹಿಡಿದುಕೊಂಡುಬಿಟ್ಟರೆ ತಾತ ಪಾರಾಗುತ್ತಿದ್ದರು. ಅವಳು ಹೋಗುತ್ತಿದ್ದಳು, ನಾಳೆ ಇನ್ನೊಬ್ಬರು ಬರುತ್ತಿದ್ದರು, ತಾವು ಒಬ್ಬರೇ ಇದ್ದಾಗ ಸದ್ದಿಲ್ಲದೆ ಸರಿ ಮಾಡಿಬಿಡಬಹುದಿತ್ತು. ಏಕೆಂದರೆ ಪ್ರತಿ ಪ್ಯಾಕೆಟ್ಟನ್ನೂ ನಿಲ್ಲಿಸಿ ನೋಡುವ ಇನ್ನೊಂದು ಕೆಲಸವೂ ಆ ರೂಟರಿನಲ್ಲಿದೆ ಎಂದು ಅವರಿಗೆ ಎರಡು ನಿಮಿಷದ ಹಿಂದೆಯೇ ಹೊಳೆದಿತ್ತು. ಅದನ್ನು ಇಟ್ಟವರೂ ಅವರೇ. ಒಂದು ತಪ್ಪು ಒಪ್ಪಿಕೊಂಡ ಬಿಸಿ ಆರುವ ಮೊದಲೇ ಎರಡನೆಯದಕ್ಕೆ ಬಾಯಿ ತೆರೆಯುವುದು ಸುಲಭವಿರಲಿಲ್ಲ. ಕಿಟಕಿಯಾಚೆ ಲೈನ್ ಅಕ್ಕ ಫೋನು ಕಿವಿಗಿಟ್ಟುಕೊಂಡೇ ಬಗ್ಗಿ ಮಂಡಿ ಉಜ್ಜಿಕೊಳ್ಳುತ್ತಿದ್ದಳು.

"ಅವಳನ್ನ ಒಳಗೆ ಕರಿ" ಎಂದರು ತಾತ. "ವಿಪಿಎನ್ ಇದೆ. ಅದೂ ನಾನೇ ಹಾಕಿದ್ದು."

"ಯಾವ ವಿಪಿಎನ್?"

"ನಿನ್ನ ಆಸ್ಪತ್ರೆಯದು."

ಮಗಳಿಗೆ ಮೊದಲು ಅರ್ಥವಾಗಲಿಲ್ಲ. ಆಸ್ಪತ್ರೆಯ ಜಾಲಕ್ಕೆ ಹೋಗಲು ಗೂಢಲಿಪಿಯ ಸುರಂಗದಂಥ ಒಂದು ಸಂಪರ್ಕ ಬೇಕು. ಕಳೆದ ವರ್ಷದವರೆಗೂ ಅವಳು ದಿನಾ ಬೆಳಗ್ಗೆ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಹಾಕಿ ಅದನ್ನು ತೆರೆಯುತ್ತಿದ್ದಳು, ಅದು ಮಧ್ಯೆ ಮಧ್ಯೆ ಬಿಟ್ಟುಹೋದಾಗ ಬೈದುಕೊಳ್ಳುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಆ ಕಾಟ ತಪ್ಪಿತ್ತು. ಆಸ್ಪತ್ರೆಯವರೇ ಏನೋ ಸುಧಾರಿಸಿದರೆಂದು ಅವಳು ತಿಳಿದಿದ್ದಳು. ಸುಧಾರಿಸಿದ್ದು ತಾತ. ಜೋಪಾನವಾಗಿಡು ಎಂದು ಅವಳೇ ಕೊಟ್ಟಿದ್ದ, ಆ ಸುರಂಗದ ಕೀಲಿಯಿದ್ದ ಕಡತವನ್ನು ರೂಟರಿಗೇ ತುಂಬಿಸಿ, ಸುರಂಗ ಸದಾ ತೆರೆದಿರುವಂತೆ ಮಾಡಿದ್ದರು.

"ಅಪ್ಪಾ!" ಮಗಳ ದನಿ ಏರಿತು. "ಅಂದ್ರೆ ಈ ಮನೇಲಿರೋ ಫೋನು, ಟಿವಿ, ಬಂದೋರು ಹೋದೋರು ಎಲ್ಲರಿಗೂ ಆಸ್ಪತ್ರೆ ಒಳಗೆ ದಾರಿ ತೆರೆದಿಟ್ಟಿದ್ದೆ! ರೋಗಿಗಳ ಸ್ಕ್ಯಾನ್ ಇರೋ ಜಾಗ ಅದು. ಗೊತ್ತಾದ್ರೆ ನನ್ನನ್ನ ಕೆಲಸದಿಂದ ತೆಗೀತಾರೆ."

"ದಿನಾ ಬೈಕೋತಿದ್ದೆಯಲ್ಲ, ಅದಕ್ಕೆ..."

"ಬೈಕೊಂಡ್ರೆ ಬೈಕೋತೀನಿ! ಹೇಳದೆ ಮಾಡಬಾರದಪ್ಪಾ!"

ತಾತ ತಲೆ ತಗ್ಗಿಸಿದರು. ಹೆಂಡತಿ ಬಂದು ಮಗಳ ಭುಜ ಮುಟ್ಟಿ, "ಬೈಯೋದನ್ನ ಆಮೇಲೆ ನಿಧಾನಕ್ಕೆ ಬೈ, ನಾನೂ ಸೇರ್ಕೋತೀನಿ. ಮೊದಲು ಆ ಹುಡುಗಿ ಕೆಲಸ ಮುಗೀಲಿ" ಎಂದರು.

ಲೈನ್ ಅಕ್ಕ ಒಳಗೆ ಬಂದಳು. ವಿಷಯ ಕೇಳಿ ದೊಡ್ಡ ಉಸಿರು ಬಿಟ್ಟಳು. "ಅಯ್ಯೋ ತಾತ, ಇದನ್ನ ನಾನೇ ನೋಡಬೇಕಿತ್ತು. ಈ ಮಾಡೆಲ್‌ನಲ್ಲಿ ಕ್ಯೂಓಎಸ್, ವಿಪಿಎನ್ ಎರಡರಲ್ಲಿ ಯಾವುದೊಂದು ಆನ್ ಇದ್ರೂ ಆಕ್ಸಿಲರೇಷನ್ ಆಫ್ ಆಗುತ್ತೆ. ಅದೂ ಅಲ್ದೆ ಆ ಗೂಢಲಿಪಿ ಮಾಡೋದು ಬಿಡಿಸೋದು ಎಲ್ಲ ಇದೇ ಬಡಪಾಯಿ ಪ್ರೊಸೆಸರ್ ಮಾಡಬೇಕು. ಮೇಡಂ ಕಂಪ್ಯೂಟರಿನ ಪ್ರೊಸೆಸರ್ ಇದರ ಹತ್ತರಷ್ಟು ಬಲವಾಗಿದೆ. ವಿಪಿಎನ್ ಅಲ್ಲೇ ಓಡಲಿ. ಆಗ ರೂಟರಿಗೆ ಅದು ಬರೀ ಒಂದು ಕನೆಕ್ಷನ್ ಅಷ್ಟೇ, ದಾಟಿಸಿ ಸುಮ್ಮನಾಗುತ್ತೆ."

ವಿಪಿಎನ್ ಆಫ್ ಮಾಡಿ, ಆ ಕಡತವನ್ನೂ ಅಳಿಸಿದರು. ಮತ್ತೆ ಎರಡು ನಿಮಿಷ. ಮತ್ತೆ ಹಸಿರು ದೀಪಗಳು. ಈ ಸಲ ಆಕ್ಸಿಲರೇಷನ್ ಮುಂದೆ ಆನ್ ಎಂದಿತ್ತು. ಪರೀಕ್ಷೆ ಓಡಿತು: ಒಂಬೈನೂರ ಮೂವತ್ತನಾಲ್ಕು. ಪ್ರೊಸೆಸರ್ ನಾಲ್ಕಕ್ಕಿಂತ ಮೇಲೇಳಲೇ ಇಲ್ಲ.

ಮಗಳು ತನ್ನ ಕೋಣೆಗೆ ಹೋಗಿ, ಕಂಪ್ಯೂಟರಿನಲ್ಲಿ ವಿಪಿಎನ್ ತೆರೆದು, ಕಾಯುತ್ತಿದ್ದ ಒಂದು ಸ್ಕ್ಯಾನ್ ಒತ್ತಿದಳು. ಆಸ್ಪತ್ರೆಯ ಕಡೆಯ ಲೈನಿಗೂ ಮಿತಿಯಿದ್ದದ್ದರಿಂದ ಸಾವಿರವೇನೂ ಬರಲಿಲ್ಲ. ಆದರೂ ನಿನ್ನೆಯವರೆಗೆ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಹಿಡಿಯುತ್ತಿದ್ದದ್ದು ಕಪ್ಪು ಕೈಗೆತ್ತಿಕೊಳ್ಳುವುದರೊಳಗೆ ಬಂದು ಕೂತಿತ್ತು. ಅವಳು ಅಲ್ಲೇ ಕೂತು ನೋಡತೊಡಗಿದಳು. ಬಿದ್ದು ತಲೆಗೆ ಪೆಟ್ಟಾದ ಒಬ್ಬ ಮುದುಕಿಯದು. ರಕ್ತ ಹೆಪ್ಪುಗಟ್ಟಿದೆ, ತಕ್ಷಣ ದೊಡ್ಡಾಸ್ಪತ್ರೆಗೆ ಕಳಿಸಿ ಎಂದು ಫೋನಿನಲ್ಲಿ ಹೇಳುವುದು ಹಜಾರಕ್ಕೂ ಕೇಳಿಸಿತು. ಆಮೇಲೆ ಆಸ್ಪತ್ರೆಯ ತಾಂತ್ರಿಕ ವಿಭಾಗಕ್ಕೂ ತಾನೇ ಫೋನು ಮಾಡಿ, ನಡೆದದ್ದನ್ನು ಮುಚ್ಚಿಡದೆ ಹೇಳಿ, ಹಳೆಯ ಕೀಲಿ ರದ್ದು ಮಾಡಿಸಿ ಹೊಸದನ್ನು ಕೇಳಿದಳು. ಅವರು ಕೆಲಸದಿಂದ ತೆಗೆಯಲಿಲ್ಲ. ಒಂದು ಗಟ್ಟಿ ಎಚ್ಚರಿಕೆಯ ಪತ್ರ ಕಳಿಸಿದರು.

ಮಗಳು ಇನ್ನೂ ಫೋನಿನಲ್ಲಿದ್ದಾಗಲೇ ಲೈನ್ ಅಕ್ಕ ಹೊರಟು ನಿಂತಿದ್ದಳು. ತಾತ ಗೇಟಿನವರೆಗೂ ಹೋದರು.

"ತಾಯಿ, ಆ ಲೆಟರ್ ಬರೆದದ್ದು ನನ್ನ ಮಗಳಲ್ಲ. ನಾನು."

ಅವಳು ಹೆಲ್ಮೆಟ್ ಕೈಯಲ್ಲೇ ಹಿಡಿದುಕೊಂಡಳು. "ಆ 'ಸದರಿ ನೌಕರಳು' ಅನ್ನೋದು ಕೇಳಿದಾಗಲೇ ಅಂದ್ಕೊಂಡೆ, ಮೇಡಂ ಭಾಷೆ ಅಲ್ಲ ಇದು ಅಂತ." ನಗಲು ನೋಡಿದಳು, ನಗು ಪೂರ್ತಿ ಬರಲಿಲ್ಲ. "ಎಲ್ಲರ ಮುಂದೆ ಓದಿದ್ರಲ್ಲ ತಾತ, ಅದು ತುಂಬ ಚುಚ್ಚಿತು. ಹನ್ನೊಂದು ವರ್ಷದಿಂದ ಕೆಲಸ ಮಾಡ್ತಿದ್ದೀನಿ, ಕಳ್ಳಾಟ ಆಡಿದವಳಲ್ಲ."

ತಾತ ಸ್ಕೂಟರು ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದರು.

ಮರುದಿನ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಂಪನಿಯ ಆಫೀಸಿಗೆ ಹೊರಟರು. ಮಗಳು ಚಪ್ಪಲಿ ಮೆಟ್ಟಿಕೊಂಡು, "ನಾನೂ ಬರ್ತೀನಿ. ಕಳಿಸಿದ್ದು ನನ್ನ ಹೆಸರಲ್ಲಿ" ಎಂದಳು.

"ಆ ಪರೀಕ್ಷೆ ವಿಷಯ ನೀನು ಯಾವತ್ತೂ ಎತ್ತುತ್ತಿರಲಿಲ್ಲ" ಎಂದಳು ಅವಳು ದಾರಿಯಲ್ಲಿ. "ಮಗಳು ಫೇಲಾದ್ಲು ಅಂತ ನಿನಗೆ ನಾಚಿಕೆ ಅಂದ್ಕೊಂಡಿದ್ದೆ ನಾನು. ಆರು ವರ್ಷದಿಂದ."

ತಾತ ಬೀದಿಯ ಮಧ್ಯದಲ್ಲೇ ನಿಂತುಬಿಟ್ಟರು. "ನಾಚಿಕೆ ನನ್ನ ಮೇಲಿತ್ತು ಮಗಾ. ನಿನ್ನ ಮೇಲಲ್ಲ."

"ಅದನ್ನ ರೂಟರಿಗೆ ಹೇಳೋ ಬದಲು ನನಗೇ ಹೇಳಬಹುದಿತ್ತು" ಎಂದು ಅವಳು ಅವರ ತೋಳು ಹಿಡಿದು ಮುಂದಕ್ಕೆ ನಡೆಸಿದಳು.

ಸೂಪರ್‌ವೈಸರ್ ಇನ್ನೂ ಚಿಕ್ಕ ವಯಸ್ಸಿನವನು. ಒಮ್ಮೆ ದಾಖಲಾದ ದೂರನ್ನು ಅಳಿಸಲು ಬರುವುದಿಲ್ಲ ಎಂದ. ತಾತ ಕುರ್ಚಿ ಎಳೆದುಕೊಂಡು ಕೂತರು. ಅಳಿಸುವುದು ಬೇಡ, ಕೆಳಗೆ ಇನ್ನೊಂದನ್ನು ಸೇರಿಸಿ ಎಂದು ಹೊಸ ಪತ್ರವನ್ನು ಮುಂದಿಟ್ಟರು. ಅದರಲ್ಲಿ ಒಂದೂ ಭಾರಿ ಪದವಿರಲಿಲ್ಲ. ರೂಟರ್ ತೆರೆದು ನೋಡಲು ಆಕೆ ಮೂರು ಸಲ ಕೇಳಿದ್ದಳು, ಮೂರು ಸಲವೂ ನಾನು ಬಿಡಲಿಲ್ಲ, ತಪ್ಪು ನನ್ನ ರೂಟರಿನಲ್ಲಿತ್ತು, ಅದನ್ನು ಕಂಡುಹಿಡಿದವಳು ಆಕೆಯೇ ಎಂದಷ್ಟೇ ಇತ್ತು.

"ಮೊದಲನೇದನ್ನ ಎಲ್ಲರ ಮುಂದೆ ಓದಿದ್ರಂತೆ" ಎಂದರು ತಾತ. "ಇದನ್ನೂ ಹಾಗೇ ಓದಬೇಕಪ್ಪಾ."

ಅವನು ಒಮ್ಮೆ ಮಗಳ ಮುಖ ನೋಡಿದ, ಒಮ್ಮೆ ಅಲ್ಲಾಡದೆ ಕೂತ ಮುದುಕನನ್ನು ನೋಡಿದ. ಹೊರಗಿನ ಹಾಲಿನಲ್ಲಿ ಆ ದಿನದ ಕೆಲಸ ಹಂಚಿಸಿಕೊಳ್ಳಲು ಲೈನಿನವರೆಲ್ಲ ಸೇರಿದ್ದರು. ಮೂಲೆಯಲ್ಲಿ ಲೈನ್ ಅಕ್ಕ ಚೀಲಕ್ಕೆ ಮೀಟರ್ ತುಂಬಿಕೊಳ್ಳುತ್ತಿದ್ದಳು. ಸೂಪರ್‌ವೈಸರ್ ಎದ್ದು ಬಾಗಿಲಿಗೆ ಹೋಗಿ, ಗಂಟಲು ಸರಿಮಾಡಿಕೊಂಡು ಓದತೊಡಗಿದ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವಳ ಕೈ ನಿಂತಿತು. ಅವನು ಪೂರ್ತಿ ಓದಿ ಮುಗಿಸುವವರೆಗೂ ಅವಳು ತಲೆಯೆತ್ತದೆ ಕೇಳಿಸಿಕೊಂಡಳು, ಆಮೇಲೆ ಚೀಲದ ಜಿಪ್ ಎಳೆದು, ತನ್ನ ಏರಿಯಾದ ಆ ದಿನದ ಪಟ್ಟಿಗೆ ಕೈ ಚಾಚಿದಳು.